ಕೇಳಬೇಕೆ, ಊಹಿಸಿ ಹೇಳಬೇಕೆ?

ಶಬ್ದಾರ್ಥವಿಚಾರಕ್ಕೆ ತೊಡಗಿದ ನಮ್ಮ ಶಾಸ್ತ್ರಕಾರರು ಮತ್ತೆ ಮತ್ತೆ ಎತ್ತಿಕೊಳ್ಳುವ ಒಂದು ಉದಾಹರಣೆಯುಂಟು. ಯಜಮಾನನೊಬ್ಬನು ಸೇವಕನನ್ನು ಕರೆದು ‘ಸೈಂಧವವನ್ನು ತಾ’ ಎಂದು ಆಜ್ಞಾಪಿಸುತ್ತಾನೆ. ಸೈಂಧವವೆಂದರೆ ಸಿಂಧುದೇಶದ ಉಪ್ಪೂ ಹೌದು, ಆ ದೇಶದ ಕುದುರೆಯೂ ಹೌದು. ಯಜಮಾನನು ಎಲೆಯ ಮುಂದೆ ಕುಳಿತಿದ್ದರೆ ಉಪ್ಪನ್ನೂ, ಪ್ರಯಾಣಸನ್ನದ್ಧನಾಗಿ ಹೊಸ್ತಿಲಲ್ಲಿ ನಿಂತಿದ್ದರೆ ಕುದುರೆಯನ್ನೂ ತಂದುಕೊಡುವವನು ವಿವೇಕಿ. ಬಡಿಸಿದ ಎಲೆಯನ್ನು ಕಣ್ಣಾರೆ ಕಂಡೂ ‘ಉಪ್ಪೋ ಕುದುರೆಯೋ’ ಎಂದು ವಿಚಾರಿಸುವವನ ಗತಿಯನ್ನು ಹೇಳಬೇಕಾದುದಿಲ್ಲ. ಪ್ರಕರಣವು ಅರ್ಥವನ್ನು ನಿರ್ಣಯಿಸುತ್ತದೆ ಎಂಬುದು ಈ ದೃಷ್ಟಾಂತದ ಸಾರ. ಆದರೆ ಪ್ರಕರಣವೇ ಕಾಣದಿದ್ದಾಗ, ಎಂದರೆ ಯಜಮಾನನು ಎಲ್ಲಿ ಕುಳಿತಿದ್ದಾನೆಂಬುದೇ ಸೇವಕನಿಗೆ ತಿಳಿಯದಿರುವಾಗ, ಮಾಡತಕ್ಕದ್ದೇನು ಎಂಬ ಪ್ರಶ್ನೆಯನ್ನು ಆ ದೃಷ್ಟಾಂತವು ಬಿಡಿಸುವುದಿಲ್ಲ. ಇಂದಿನ ಚಾಟ್‌ಬಾಟ್‌ಗಳ ಪಾಡು ಸರಿಯಾಗಿ ಇದೇ ಆಗಿದೆ. ಗುರುತಿಲ್ಲದ ಒಬ್ಬರು, ಕಾಣದ ಒಂದು ಮನೆಯಿಂದ, ಒಂದು ಸಾಲನ್ನು ಬರೆದು ಕಳುಹುತ್ತಾರೆ. ಎಲೆಯಾಗಲಿ ಹೊಸ್ತಿಲಾಗಲಿ ಯಂತ್ರದ ಕಣ್ಣಿಗೆ ಬೀಳುವುದಿಲ್ಲ. ಅದು ಮರುಪ್ರಶ್ನೆ ಕೇಳಿ ಸಂಶಯವನ್ನು ಪರಿಹರಿಸಿಕೊಳ್ಳಬೇಕೆ, ಇಲ್ಲವೆ ತನಗೆ ಸಂಭಾವ್ಯವೆಂದು ತೋರಿದ ಅರ್ಥವನ್ನು ಹಿಡಿದು, ‘ಹೀಗೆಂದು ಭಾವಿಸಿದ್ದೇನೆ’ ಎಂದು ಮೊದಲೇ ಅರಿಕೆ ಮಾಡಿಕೊಂಡು ಉತ್ತರ ಕೊಡಬೇಕೆ?

ಈ ಇಕ್ಕಟ್ಟು ನಿನ್ನೆ ಮೊನ್ನೆಯದಲ್ಲ. ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ಟೆರಿ ವಿನೊಗ್ರಾಡ್ ಎಂಬ ತರುಣ ವಿದ್ವಾಂಸರು 1970ರ ಆಸುಪಾಸಿನಲ್ಲಿ ‘ಶರ್ಡ್ಲು’ ಎಂಬ ಗಣಕ ಕಾರ್ಯಕ್ರಮವನ್ನು ರಚಿಸಿದರು. ಬಣ್ಣಬಣ್ಣದ ಘನಗಳು, ಪಿರಮಿಡ್ಡುಗಳು, ಒಂದು ಪೆಟ್ಟಿಗೆ: ಇಷ್ಟೇ ಅದರ ಜಗತ್ತು. ಅದರೊಡನೆ ನಡೆದ ಸಂವಾದದ ಒಂದು ಮಾದರಿ ಪ್ರಸಿದ್ಧವಾಗಿದೆ. ಪಿರಮಿಡ್ಡನ್ನು ಹಿಡಿ ಎಂದಾಗ, ಯಾವ ಪಿರಮಿಡ್ಡೆಂದು ತಿಳಿಯಲಿಲ್ಲವೆಂದು ಆ ಕಾರ್ಯಕ್ರಮ ಕೈಚೆಲ್ಲುತ್ತದೆ. ಏಕೆಂದರೆ ಆ ಪುಟ್ಟ ಲೋಕದಲ್ಲಿ ಪಿರಮಿಡ್ಡುಗಳು ಒಂದಕ್ಕಿಂತ ಹೆಚ್ಚಾಗಿದ್ದುವು, ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಲು ಯಾವ ಆಧಾರವೂ ಇರಲಿಲ್ಲ. ಅದಾದ ಮರುಕ್ಷಣದಲ್ಲೇ, ನೀನು ಹಿಡಿದಿರುವುದಕ್ಕಿಂತ ಎತ್ತರವಾದ ಘನವೊಂದನ್ನು ಹುಡುಕಿ ಅದನ್ನು ಪೆಟ್ಟಿಗೆಯಲ್ಲಿಡು ಎಂದಾಗ, ‘ಅದು’ ಎಂಬ ಸರ್ವನಾಮವು ಎತ್ತರದ ಘನಕ್ಕೆ ಸಲ್ಲಬಹುದು, ಕೈಯಲ್ಲಿರುವ ಘನಕ್ಕೂ ಸಲ್ಲಬಹುದು. ಆದರೂ ಕಾರ್ಯಕ್ರಮವು ಕೇಳುತ್ತ ನಿಲ್ಲದೆ, ‘ಅದು’ ಎಂದರೆ ಎತ್ತರದ ಘನವೆಂದು ಭಾವಿಸಿದ್ದೇನೆಂದು ತಿಳಿಸಿ ಕೆಲಸವನ್ನು ಮುಗಿಸುತ್ತದೆ. ಒಂದೆಡೆ ಸಾಧ್ಯತೆಗಳೆಲ್ಲ ಸಮಬಲದವು, ಆದ್ದರಿಂದ ನಿಂತಿತು. ಇನ್ನೊಂದೆಡೆ ಒಂದು ಅರ್ಥದ ಕಡೆಗೆ ತಕ್ಕಡಿ ವಾಲಿತ್ತು, ಆದ್ದರಿಂದ ಊಹೆಯನ್ನು ಪ್ರಕಟಿಸಿ ಮುಂದುವರಿಯಿತು. ಅರ್ಧ ಶತಮಾನಕ್ಕೂ ಹಿಂದಿನ ಈ ಎರಡು ನಡೆಗಳಲ್ಲಿ ನಮ್ಮ ವಿಷಯದ ಅರ್ಧಾಂಶ ಅಡಗಿದೆ. ಉಳಿದರ್ಧವೆಂದರೆ, ಘನಗಳ ಲೋಕದಲ್ಲಿ ತಪ್ಪಿಗೆ ತೆರಬೇಕಾದ ಬೆಲೆಯಿರಲಿಲ್ಲ. ನಮ್ಮ ಲೋಕದಲ್ಲಿ ಉಂಟು.

ಸಂಶಯ ಬಂದಾಗಲೆಲ್ಲ ಕೇಳಿಬಿಡುವುದೇ ಕ್ಷೇಮವಲ್ಲವೆ ಎಂದು ಯಾರಿಗಾದರೂ ತೋರಬಹುದು. ಆದರೆ ಸಂಶಯಕ್ಕೆ ಆಸ್ಪದವಿಲ್ಲದ ಪ್ರಶ್ನೆಗಳು ನಾವೆಣಿಸುವುದಕ್ಕಿಂತ ಬಹಳ ವಿರಳ. ಗೂಗಲ್ಲಿನಲ್ಲಿ ಜನರು ನಿಜವಾಗಿ ಹುಡುಕಿದ ಪ್ರಶ್ನೆಗಳ ಒಂದು ಸಂಗ್ರಹವನ್ನು ಅಮೆರಿಕದ ಸಂಶೋಧಕರು 2020ರಲ್ಲಿ ಪರಿಶೀಲಿಸಿ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದಕ್ಕಿಂತ ಹೆಚ್ಚು ಅರ್ಥಕ್ಕೆ ಎಡೆಗೊಡುತ್ತವೆಂದು ಕಂಡರು. ಒಂದು ಚಲನಚಿತ್ರ ಯಾವಾಗ ಬಿಡುಗಡೆಯಾಯಿತು ಎಂಬ ಸರಳ ಪ್ರಶ್ನೆಯಲ್ಲಿಯೂ ಯಾವ ದೇಶದಲ್ಲಿ, ಸರಣಿಯ ಎಷ್ಟನೆಯ ಚಿತ್ರ ಎಂಬ ಬಿರುಕುಗಳಿರುತ್ತವೆ. ಪ್ರತಿ ಬಿರುಕಿಗೂ ಮರುಪ್ರಶ್ನೆ ಹಾಕುವ ಯಂತ್ರವು ಎರಡು ಪ್ರಶ್ನೆಗೊಮ್ಮೆ ಉತ್ತರವನ್ನು ಮುಂದಕ್ಕೆ ಹಾಕುತ್ತದೆ. ಅಂಥದನ್ನು ಎರಡನೆಯ ದಿನ ಯಾರೂ ತೆರೆಯುವುದಿಲ್ಲ. ಅದಲ್ಲದೆ, ಪ್ರಶ್ನೆ ಕೇಳುವುದು ತಿಳಿವಳಿಕೆಯ ಲಕ್ಷಣವೆಂಬ ನಂಬಿಕೆಯೂ ನಿಲ್ಲುವಂಥದಲ್ಲ. ಜೋಸೆಫ್ ವೈಜನ್‌ಬಾಮ್ ಅವರು 1966ರಲ್ಲಿ ಪ್ರಕಟಿಸಿದ ‘ಎಲಿಜಾ’ ಎಂಬ ಕಾರ್ಯಕ್ರಮವು, ಎದುರಿನವರ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಒಡ್ಡುವುದರಿಂದಲೇ ಅನೇಕರಿಗೆ ಆಪ್ತಸಮಾಲೋಚಕನಂತೆ ಭಾಸವಾಯಿತು. ಅದಕ್ಕೆ ತಿಳಿದಿದ್ದುದು ಮಾತ್ರ ಶೂನ್ಯ.

ಎರಡು ಗಡಿಗಳು

ಕೇಳುವಿಕೆಗೂ ಬೆಲೆಯುಂಟು, ಕೇಳದಿರುವಿಕೆಗೂ ಬೆಲೆಯುಂಟು. ಎರಡನ್ನೂ ತೂಗಿ ನೋಡಿ ನಿರ್ಣಯಿಸತಕ್ಕದ್ದೆಂಬ ವಿಚಾರವನ್ನು ಸ್ಪಷ್ಟರೂಪದಲ್ಲಿ ಮಂಡಿಸಿದವರಲ್ಲಿ ಮೈಕ್ರೊಸಾಫ್ಟ್ ಸಂಶೋಧನಾಲಯದ ಎರಿಕ್ ಹಾರ್ವಿಟ್ಜ್ ಪ್ರಮುಖರು. 1999ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ ‘ಲುಕ್‌ಔಟ್’ ಎಂಬ ಸಹಾಯಕ ತಂತ್ರದ ವರ್ಣನೆಯಿದೆ. ಇ-ಅಂಚೆಯನ್ನು ಓದುತ್ತಿರುವವರು ಅದರಲ್ಲಿ ಪ್ರಸ್ತಾಪವಾದ ಭೇಟಿಯನ್ನು ತಮ್ಮ ದಿನಚರಿಯಲ್ಲಿ ಗುರುತುಹಾಕಿಕೊಳ್ಳಲು ಬಯಸುವ ಸಂಭವವೆಷ್ಟೆಂದು ಅದು ಅಳೆಯುತ್ತದೆ. ಸಂಭವವು ಕೆಳಗಿನ ಒಂದು ಗಡಿಗಿಂತ ಕಡಿಮೆಯಿದ್ದರೆ ಸುಮ್ಮನಿರುತ್ತದೆ. ಮೇಲಿನ ಗಡಿಯನ್ನು ದಾಟಿದ್ದರೆ ಕೇಳದೆಯೇ ಕೆಲಸ ಮಾಡುತ್ತದೆ. ಎರಡರ ನಡುವೆ ಇದ್ದಾಗ ಮಾತ್ರ ‘ಮಾಡಲೆ?’ ಎಂದು ಕೇಳುತ್ತದೆ. ಈ ಗಡಿಗಳು ಸ್ಥಿರವಲ್ಲ: ತಪ್ಪು ಕೆಲಸದಿಂದ ಆಗುವ ಹಾನಿ ದೊಡ್ಡದಾದರೆ ಮೇಲಿನ ಗಡಿ ಏರುತ್ತದೆ, ಪ್ರಶ್ನೆಯಿಂದ ಆಗುವ ಉಪದ್ರವ ದೊಡ್ಡದಾದರೆ ಪ್ರಶ್ನೆಯ ಪಟ್ಟಿಯೇ ಕಿರಿದಾಗುತ್ತದೆ. ಇದರೊಡನೆ ಇನ್ನೊಂದು ಸೊಗಸಾದ ಉಪಾಯವನ್ನೂ ಅವರು ಸೇರಿಸಿದರು. ಭೇಟಿಯ ಗಳಿಗೆ ನಿಶ್ಚಿತವಾಗಿ ತಿಳಿಯದಿದ್ದಾಗ ತಂತ್ರವು ತಪ್ಪು ಗಳಿಗೆಯನ್ನು ಗುರುತುಹಾಕುವ ಬದಲು ಆ ವಾರದ ಪುಟವನ್ನಷ್ಟೆ ತೆರೆದಿಡುತ್ತದೆ. ಎಂದರೆ ಖಚಿತವಾಗಿ ಬಲ್ಲಷ್ಟನ್ನು ಮಾಡಿ ಉಳಿದದ್ದನ್ನು ಒಡೆಯನಿಗೆ ಬಿಡುತ್ತದೆ.

ಇದನ್ನು ಸುಲಭಮಾತಿನಲ್ಲಿ ಹೇಳುವುದಾದರೆ, ಊಹೆ ತಪ್ಪಾಗುವ ಸಂಭವವನ್ನು ಆ ತಪ್ಪಿನ ಹಾನಿಯಿಂದ ಗುಣಿಸಿದಾಗ ಬಂದ ಗುಣಲಬ್ಧವು ಕೇಳುವ ತೊಂದರೆಗಿಂತ ದೊಡ್ಡದಾದರೆ ಕೇಳಬೇಕು, ಚಿಕ್ಕದಾದರೆ ಹೇಳಬೇಕು. ಇಲ್ಲಿ ಸಾಮಾನ್ಯವಾಗಿ ಕಣ್ತಪ್ಪುವುದು ಗುಣಾಕಾರದ ಎರಡನೆಯ ಅಂಗ. ‘ನನಗೆ ಎಷ್ಟು ಅನುಮಾನವಿದೆ?’ ಎಂಬುದನ್ನೇ ಹೆಚ್ಚಿನವರು ಯೋಚಿಸುತ್ತಾರೆ. ಆದರೆ ನಿರ್ಣಾಯಕವಾದದ್ದು, ನನ್ನ ಊಹೆ ತಪ್ಪಾದರೆ ಅದು ಕೇಳಿದವರ ಕಣ್ಣಿಗೆ ಕೆಡುಕು ಸಂಭವಿಸುವ ಮೊದಲೇ ಬೀಳುವುದೆ, ಎಂಬುದು. ಪ್ರಕಟಿತ ಊಹೆ ಎಂಬ ಉಪಾಯದ ಯೋಗ್ಯತೆಯೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ. ಎರಡು ಉದಾಹರಣೆಗಳಿಂದ ಇದನ್ನು ವಿಶದಪಡಿಸಬಹುದು.

ಕಂತಿನ ಲೆಕ್ಕ, ಮದ್ದಿನ ಅಳತೆ

ಮನೆ ಕಟ್ಟಿಸಹೊರಟವರೊಬ್ಬರು ‘ಇಪ್ಪತ್ತು ಲಕ್ಷ ಸಾಲಕ್ಕೆ ತಿಂಗಳ ಕಂತು ಎಷ್ಟು ಬರುತ್ತದೆ?’ ಎಂದು ಬರೆಯುತ್ತಾರೆನ್ನಿ. ಬಡ್ಡಿಯ ದರವನ್ನು ಹೇಳಿಲ್ಲ, ಎಷ್ಟು ವರ್ಷದ ಸಾಲವೆಂದೂ ಹೇಳಿಲ್ಲ. ಗಣಿತದ ದೃಷ್ಟಿಯಿಂದ ಪ್ರಶ್ನೆ ಅಪೂರ್ಣ. ಯಂತ್ರದ ಊಹೆ ಸರಿಹೋಗದಿರುವ ಸಂಭವವೂ ದೊಡ್ಡದೇ. ಆದಾಗ್ಯೂ ಇಲ್ಲಿ ಮರುಪ್ರಶ್ನೆ ಹಾಕುವುದು ಅವಿವೇಕ. ಶೇಕಡ 8.5ರ ಬಡ್ಡಿ ಮತ್ತು 20 ವರ್ಷದ ಅವಧಿ ಎಂದು ಭಾವಿಸಿಕೊಂಡರೆ ಕಂತು ಸುಮಾರು 17,356 ರೂಪಾಯಿ, ಬಡ್ಡಿ ಶೇಕಡ 9 ಆದರೆ ಸುಮಾರು 17,995, ಬಡ್ಡಿ 8.5 ಆಗಿದ್ದು ಅವಧಿ 15 ವರ್ಷಕ್ಕೆ ಇಳಿದರೆ ಸುಮಾರು 19,695. ಈ ಮೂರು ಅಂಕಗಳನ್ನು ಊಹೆಗಳ ಸಮೇತ ಮುಂದಿಟ್ಟರೆ ಓದುಗರಿಗೆ ತಮ್ಮ ಉತ್ತರವೂ ದೊರೆಯಿತು, ದರಕ್ಕಿಂತ ಅವಧಿಯೇ ಕಂತನ್ನು ಹೆಚ್ಚಾಗಿ ಅಲುಗಿಸುತ್ತದೆಂಬ ತಿಳಿವಳಿಕೆಯೂ ಬಂತು. ಬ್ಯಾಂಕಿನವರು ಹೇಳಿದ ದರ ಅವರಿಗೆ ಗೊತ್ತೇ ಇರುವುದರಿಂದ, ಉತ್ತರದಲ್ಲಿ ಬೇರೆ ದರವನ್ನು ಕಂಡೊಡನೆ ಅದು ಕಣ್ಣಿಗೆ ಹೊಡೆಯುತ್ತದೆ. ಮತ್ತೊಂದು ಸಾಲು ಬರೆದು ತಿದ್ದಿಸಿಕೊಳ್ಳುತ್ತಾರೆ. ಅಷ್ಟರಲ್ಲಿ ಯಾವ ಪತ್ರಕ್ಕೂ ಸಹಿ ಬಿದ್ದಿರುವುದಿಲ್ಲ.

ಇನ್ನೊಂದು ಮನೆಯಲ್ಲಿ ನಡುರಾತ್ರಿ. ಎರಡು ವರ್ಷದ ಮಗುವಿಗೆ ಜ್ವರ ಬಂದಿದೆ. ಮನೆಯಲ್ಲಿ ಪ್ಯಾರಸಿಟಮಾಲ್ ಸಿರಪ್ಪಿನ ಒಂದು ಶೀಶೆಯಿದೆ. ತಾಯಿ ‘ಎರಡು ವರ್ಷದ ಮಗುವಿಗೆ ಪ್ಯಾರಸಿಟಮಾಲ್ ಸಿರಪ್ ಎಷ್ಟು ಎಂಎಲ್ ಕೊಡಬೇಕು?’ ಎಂದು ಮೊಬೈಲಿನಲ್ಲಿ ಬರೆಯುತ್ತಾಳೆ. ವೈದ್ಯರು ಸಾಮಾನ್ಯವಾಗಿ ಅನುಸರಿಸುವ ಪ್ರಮಾಣ, ಮಗುವಿನ ತೂಕದ ಪ್ರತಿ ಕಿಲೋಗ್ರಾಮಿಗೆ ಒಂದು ಬಾರಿಗೆ 10ರಿಂದ 15 ಮಿಲಿಗ್ರಾಮ್. ಮಗುವಿನ ತೂಕ 12 ಕಿಲೋ ಎಂದು ಹಿಡಿದರೆ 120ರಿಂದ 180 ಮಿಲಿಗ್ರಾಮ್ ಆಯಿತು. ಇಲ್ಲಿಯವರೆಗೆ ಅಪಾಯವಿಲ್ಲ. ಆದರೆ ಆಕೆ ಕೇಳಿದ್ದು ಮಿಲಿಗ್ರಾಮಲ್ಲ, ಮಿಲಿಲೀಟರು. ಮತ್ತು ನಮ್ಮ ದೇಶದ ಅಂಗಡಿಗಳಲ್ಲಿ ಈ ಸಿರಪ್ಪು 5 ಮಿಲಿಲೀಟರಿಗೆ 120 ಅಥವಾ 125 ಮಿಲಿಗ್ರಾಮಿನದೂ ಇದೆ, 250 ಮಿಲಿಗ್ರಾಮಿನದೂ ಇದೆ. ಎಳೆಗೂಸುಗಳಿಗೆಂದು ಪ್ರತಿ ಮಿಲಿಲೀಟರಿಗೆ 100 ಮಿಲಿಗ್ರಾಮಿರುವ ಡ್ರಾಪ್ಸೂ ಇದೆ. 120ರ ಶೀಶೆಯಾದರೆ 5ರಿಂದ 7.5 ಮಿಲಿಲೀಟರು ಸರಿ, 250ರದಾದರೆ 2.4ರಿಂದ 3.6 ಮಾತ್ರ. ಯಂತ್ರವು 120ರದೆಂದು ಭಾವಿಸಿ 7.5 ಎಂದು ಹೇಳಿ, ತಾಯಿಯ ಕೈಯಲ್ಲಿ 250ರ ಶೀಶೆಯಿದ್ದರೆ ಮಗುವಿನ ಹೊಟ್ಟೆಗೆ 375 ಮಿಲಿಗ್ರಾಮ್ ಹೋಯಿತು, ಎಂದರೆ ಮೇಲಿನ ಮಿತಿಯ ಎರಡರಷ್ಟಕ್ಕೂ ಹೆಚ್ಚು. ಡ್ರಾಪ್ಸಾಗಿದ್ದರೆ 750, ನಾಲ್ಕರಷ್ಟಕ್ಕೂ ಹೆಚ್ಚು. ಇದೇ ಅಳತೆಯನ್ನು ದಿನಕ್ಕೆ ನಾಲ್ಕು ಬಾರಿಯಂತೆ ಮುಂದುವರಿಸಿದರೆ ಕೆಡುವುದು ಯಕೃತ್ತು.

ಇಲ್ಲಿ ಊಹೆಯನ್ನು ಪ್ರಕಟಿಸಿಯೇ ಹೇಳಿದ್ದರಾಗದೆ, ಎಂಬ ಆಕ್ಷೇಪಕ್ಕೆ ಅವಕಾಶವಿದೆ. ‘5 ಮಿಲಿಲೀಟರಿಗೆ 120 ಮಿಲಿಗ್ರಾಮಿನ ಸಿರಪ್ ಎಂದು ಭಾವಿಸಿದ್ದೇನೆ’ ಎಂಬ ವಾಕ್ಯವನ್ನು ಉತ್ತರದ ತುದಿಯಲ್ಲಿ ಸೇರಿಸುವುದರಿಂದ ಯಂತ್ರದ ಹೊಣೆ ಹಗುರವಾದೀತು. ಮಗುವಿನ ಅಪಾಯ ಹಗುರವಾಗದು. ಸಾಲ ಕೇಳಿದವರಿಗೆ ತಮ್ಮ ಬಡ್ಡಿದರ ಬಾಯಿಪಾಠವಾಗಿತ್ತು. ಶೀಶೆಯ ಮೇಲಿನ ಸಣ್ಣಕ್ಷರದ ಅಂಕವು ಈ ತಾಯಿಯ ಮನಸ್ಸಿನಲ್ಲಿ ಇಲ್ಲವೇ ಇಲ್ಲ. ಅಂಥ ಅಂಕವೊಂದು ಇದೆಯೆಂಬುದೇ ಅನೇಕರಿಗೆ ತಿಳಿಯದು. ತಿಳಿಯದ ವಿಷಯದ ಬಗೆಗಿನ ಊಹೆಯನ್ನು ಎಷ್ಟು ಪ್ರಾಮಾಣಿಕವಾಗಿ ಪ್ರಕಟಿಸಿದರೂ ಅದು ತಪ್ಪೆಂದು ಗುರುತಿಸುವ ಶಕ್ತಿ ಓದುವವರಲ್ಲಿ ಇರುವುದಿಲ್ಲ. ಅಳುವ ಮಗುವನ್ನು ಹೆಗಲಮೇಲೆ ಹಾಕಿಕೊಂಡು ಓದುವವರ ಕಣ್ಣು ‘7.5’ ಎಂಬ ಅಂಕದ ಮೇಲೆಯೇ ನಿಲ್ಲುತ್ತದೆ. ಆದ್ದರಿಂದ ಇಲ್ಲಿ ಕೇಳುವುದೇ ಧರ್ಮ. ಅಮೆರಿಕದ ಔಷಧ ತಯಾರಕರು ಇಂಥ ಗೊಂದಲವನ್ನು ಬುಡದಲ್ಲೇ ಕತ್ತರಿಸಲು 2011ರಲ್ಲಿ ಎಳೆಗೂಸುಗಳ ಸಾಂದ್ರ ಡ್ರಾಪ್ಸನ್ನು ಕೈಬಿಟ್ಟು, ಮಕ್ಕಳ ದ್ರವಗಳಿಗೆಲ್ಲ 5 ಮಿಲಿಲೀಟರಿಗೆ 160 ಮಿಲಿಗ್ರಾಮ್ ಎಂಬ ಒಂದೇ ಪ್ರಮಾಣಕ್ಕೆ ಬರಲು ಮುಂದಾದರು. ಎಲ್ಲ ಶೀಶೆಯೂ ಒಂದೇ ಬಗೆಯದಾದಲ್ಲಿ ಕೇಳುವ ಪ್ರಶ್ನೆಯೂ ಒಂದು ಕಡಿಮೆಯಾಗುತ್ತದೆ.

ಕೇಳುವುದಾದರೆ ಏನನ್ನು, ಹೇಗೆ?

ಕೇಳಬೇಕೆಂದು ನಿರ್ಧರಿಸಿದಲ್ಲಿಗೆ ಕೆಲಸ ಮುಗಿಯಲಿಲ್ಲ. ಜ್ವರ ಎಷ್ಟು ಡಿಗ್ರಿ, ಎಷ್ಟು ದಿನದಿಂದ, ಮಗು ಊಟ ಮಾಡಿತೆ, ಗಂಡೋ ಹೆಣ್ಣೋ ಎಂದು ಹತ್ತು ಪ್ರಶ್ನೆಗಳ ಪಟ್ಟಿಯನ್ನು ಒಪ್ಪಿಸುವ ಯಂತ್ರವು ಜಾಗರೂಕತೆಯ ಹೆಸರಿನಲ್ಲಿ ತಾಯಿಯನ್ನು ಹಿಂದಕ್ಕೆ ಅಟ್ಟುತ್ತದೆ. ಯಾವ ಪ್ರಶ್ನೆ ನಿಲ್ಲಬೇಕು, ಯಾವುದು ಬಿದ್ದುಹೋಗಬೇಕು ಎಂಬುದಕ್ಕೆ ಒಂದು ನಿಷ್ಠುರ ಪರೀಕ್ಷೆಯಿದೆ: ಆ ಪ್ರಶ್ನೆಗೆ ಬರಬಹುದಾದ ಒಂದೊಂದು ಉತ್ತರವನ್ನೂ ಮನಸ್ಸಿನಲ್ಲಿಟ್ಟುಕೊಂಡು, ಮುಂದೆ ತಾನು ಕೊಡಲಿರುವ ಸಲಹೆಯನ್ನು ಬರೆದು ನೋಡುವುದು. ಸಲಹೆ ಬದಲಾಗದಿದ್ದರೆ ಪ್ರಶ್ನೆ ನಿರರ್ಥಕ. ಮಗು ಗಂಡಾದರೂ ಹೆಣ್ಣಾದರೂ ಮದ್ದಿನ ಅಳತೆ ಬದಲಾಗದು. ಆ ಪ್ರಶ್ನೆ ಬಿತ್ತು. ಜ್ವರ 101 ಡಿಗ್ರಿಯಾದರೂ 102 ಆದರೂ ಒಂದು ಬಾರಿಯ ಅಳತೆ ಅದೇ, ಅದೂ ಬಿತ್ತು. ಶೀಶೆಯ ಪ್ರಮಾಣ ಬದಲಾದರೆ ಅಳತೆ ಎರಡರಷ್ಟೋ ನಾಲ್ಕರಷ್ಟೋ ವ್ಯತ್ಯಾಸವಾಗುತ್ತದೆ, ಅದು ನಿಂತಿತು. ತೂಕವೂ ನಿಂತಿತು, ಏಕೆಂದರೆ ಎರಡು ವರ್ಷದ ಮಗು 9 ಕಿಲೋ ಇರುವುದೂ ಉಂಟು, 14 ಇರುವುದೂ ಉಂಟು. ನೆಗಡಿಗೆಂದು ಬೇರೆ ಯಾವುದಾದರೂ ಸಿರಪ್ ಕೊಟ್ಟಿದೆಯೆ ಎಂಬುದೂ ನಿಲ್ಲುತ್ತದೆ, ಏಕೆಂದರೆ ಅಂಥ ಸಿರಪ್ಪುಗಳಲ್ಲಿ ಪ್ಯಾರಸಿಟಮಾಲ್ ಮೊದಲೇ ಬೆರೆತಿರಬಹುದು. ಹತ್ತರಲ್ಲಿ ಉಳಿದವು ಮೂರು.

ಉಳಿದವನ್ನು ಕೇಳುವ ಬಗೆಯೂ ಮುಖ್ಯ. ಉತ್ತರಿಸುವವರು ಕೈಯಲ್ಲಿರುವುದನ್ನು ನೋಡಿ ಹೇಳಬಲ್ಲಂತೆ ಪ್ರಶ್ನೆಯಿರಬೇಕು. ‘ನಿಮ್ಮ ಔಷಧದ ಸಾಂದ್ರತೆ ಎಷ್ಟು?’ ಎಂದರೆ ತಾಯಿ ದಿಕ್ಕುಗೆಡುತ್ತಾಳೆ. ‘ಶೀಶೆಯ ಚೀಟಿಯ ಮೇಲೆ 100, 120, 125, 250 ಇವುಗಳಲ್ಲಿ ಯಾವ ಅಂಕವಿದೆ, ಅದು 5 ಎಂಎಲ್‌ಗೋ 1 ಎಂಎಲ್‌ಗೋ?’ ಎಂದರೆ ದೀಪ ಹಾಕಿ ಓದಿ ಹೇಳುತ್ತಾಳೆ. ತೂಕ ಗೊತ್ತಿಲ್ಲದಿದ್ದರೆ, ಅಂಗನವಾಡಿಯಲ್ಲಿ ಕೊನೆಯ ಬಾರಿ ತೂಗಿದ್ದು ತಾಯಿ ಕಾರ್ಡಿನಲ್ಲಿ ಬರೆದಿರಬಹುದೆಂದು ಸೂಚಿಸಬಹುದು. ಮತ್ತು ಕೇಳುವಾಗ ಕೈಯನ್ನು ಪೂರ್ತಿ ಖಾಲಿಯಾಗಿಟ್ಟುಕೊಂಡು ಕೇಳಬಾರದು: ಹಾರ್ವಿಟ್ಜರ ತಂತ್ರವು ವಾರದ ಪುಟವನ್ನು ತೆರೆದಿಟ್ಟಂತೆ, ಯಾವ ಊಹೆಯನ್ನೂ ಬೇಡದ ಮಾತುಗಳನ್ನು ಇಲ್ಲಿಯೂ ಮೊದಲೇ ಹೇಳಿಬಿಡಬಹುದು. ಎರಡು ಬಾರಿಯ ನಡುವೆ ಕನಿಷ್ಠ ನಾಲ್ಕು ಗಂಟೆ ಬಿಡಬೇಕು. ದಿನಕ್ಕೆ ನಾಲ್ಕು ಬಾರಿಯನ್ನು ಮೀರಬಾರದು. ಅಡುಗೆಮನೆಯ ಚಮಚದಿಂದ ಅಳೆಯದೆ ಶೀಶೆಯೊಡನೆ ಬಂದ ಅಳತೆಯ ಸಾಧನದಿಂದಲೇ ಅಳೆಯಬೇಕು. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮದ್ದಿನ ಲೆಕ್ಕಕ್ಕೆ ಕೂಡದೆ ನೇರವಾಗಿ ವೈದ್ಯರಲ್ಲಿಗೆ ಹೋಗಬೇಕು. ಇವು ಶೀಶೆ ಯಾವುದಾದರೂ ಸತ್ಯವೇ.

ಊಹಿಸಿ ಹೇಳುವುದಕ್ಕೂ ಇಂಥದೇ ಒಂದು ಕ್ರಮವುಂಟು. ಊಹೆಯು ಉತ್ತರದ ಮೊದಲಲ್ಲಿ ಇರಬೇಕೇ ಹೊರತು ನಾಲ್ಕು ಪುಟಗಳ ಕೊನೆಯಲ್ಲಲ್ಲ. ಉತ್ತರವನ್ನು ನಿಜವಾಗಿ ಅಲುಗಿಸುವ ಒಂದೆರಡನ್ನೇ ಹೇಳಬೇಕು, ಹದಿನೈದನ್ನು ಹೇಳಿದರೆ ಒಂದನ್ನೂ ಹೇಳದಂತೆಯೇ. ಊಹೆ ತಪ್ಪಾಗಿದ್ದರೆ ಉತ್ತರವು ಯಾವ ಕಡೆಗೆ ಎಷ್ಟು ಸರಿಯುತ್ತದೆಂಬುದನ್ನೂ ತಿಳಿಸಬೇಕು. ಸಾಧ್ಯತೆಗಳು ಎರಡೋ ಮೂರೋ ಮಾತ್ರವಾಗಿದ್ದು ಗೊಂದಲದ ಭಯವಿಲ್ಲದಿದ್ದರೆ, ಕೇಳುವುದೂ ಬೇಡ, ಊಹಿಸುವುದೂ ಬೇಡ. ಎಲ್ಲವಕ್ಕೂ ಉತ್ತರವನ್ನು ಒಟ್ಟಿಗೇ ಕೊಟ್ಟುಬಿಡಬಹುದು, ಕಂತಿನ ಲೆಕ್ಕದಲ್ಲಿ ಮಾಡಿದಂತೆ. ಇನ್ನು ಯಂತ್ರವು ಮಾತನ್ನು ಬಿಟ್ಟು ಕೃತಿಗೇ ಇಳಿಯುವಲ್ಲಿ, ಎಂದರೆ ಕಡತಗಳನ್ನು ಅಳಿಸುವುದು, ಹಣ ರವಾನಿಸುವುದು, ನಮ್ಮ ಹೆಸರಿನಲ್ಲಿ ಪತ್ರ ಕಳುಹುವುದು ಮೊದಲಾದ, ಮತ್ತೆ ಹಿಂದಕ್ಕೆ ಪಡೆಯಲಾಗದ ಕಾರ್ಯಗಳಲ್ಲಿ, ಊಹೆ ಎಷ್ಟೇ ಬಲವಾಗಿದ್ದರೂ ಕೇಳಿಯೇ ಮಾಡತಕ್ಕದ್ದು.

ಯಂತ್ರ ಏಕೆ ಕೇಳುವುದಿಲ್ಲ?

ಇಷ್ಟು ಸ್ಪಷ್ಟವಾದ ವಿವೇಕವು ಇಂದಿನ ಯಂತ್ರಗಳಲ್ಲಿ ಏಕೆ ಸಹಜವಾಗಿ ಕಾಣುವುದಿಲ್ಲವೆಂಬುದಕ್ಕೆ ಉತ್ತರವು ಅವುಗಳ ಶಿಕ್ಷಣಕ್ರಮದಲ್ಲಿದೆ. ಓಪನ್‌ಎಐ ಸಂಸ್ಥೆಯು 2022ರಲ್ಲಿ ವಿವರಿಸಿದ ‘ಇನ್‌ಸ್ಟ್ರಕ್ಟ್‌ಜಿಪಿಟಿ’ಯ ಕ್ರಮವನ್ನೇ ನೋಡಬಹುದು. ಒಂದೇ ಕೋರಿಕೆಗೆ ಯಂತ್ರವು ಬರೆದ ನಾಲ್ಕರಿಂದ ಒಂಬತ್ತು ಉತ್ತರಗಳನ್ನು ಮನುಷ್ಯ ಪರೀಕ್ಷಕರ ಮುಂದಿಟ್ಟು, ಉತ್ತಮವಾದದ್ದರಿಂದ ಕನಿಷ್ಠವಾದದ್ದರವರೆಗೆ ಸಾಲಾಗಿ ಜೋಡಿಸಹೇಳಿ, ಆ ಅಭಿರುಚಿಯನ್ನು ಯಂತ್ರಕ್ಕೆ ಕಲಿಸಿದರು. ಈ ಬಗೆಯ ಪರೀಕ್ಷೆಯಲ್ಲಿ ಒಂದು ಓರೆ ತಾನಾಗಿಯೇ ಸೇರಿಕೊಳ್ಳುತ್ತದೆ. ಪರೀಕ್ಷಕರು ನೋಡುವುದು ಒಂದು ಸುತ್ತಿನ ಮಾತನ್ನು. ಒಂದು ಉತ್ತರ ತುಂಬಿತುಳುಕುವ ವಿವರಣೆ, ಇನ್ನೊಂದು ಬರಿಯ ಮರುಪ್ರಶ್ನೆ. ಮರುಪ್ರಶ್ನೆಯ ಫಲವು ಕಾಣುವುದು ಮುಂದಿನ ಸುತ್ತಿನಲ್ಲಿ. ಅದು ಅವರ ಕಣ್ಣಮುಂದೆ ಇಲ್ಲ. ಹೀಗಾಗಿ ಕೇಳುವ ಉತ್ತರವು ಅಪೂರ್ಣವೆಂಬಂತೆ ಕೆಳಗಿಳಿಯುತ್ತದೆ, ಧೈರ್ಯದಿಂದ ಊಹಿಸಿದ ಉತ್ತರವು ಮೇಲೇರುತ್ತದೆ. ಇದಕ್ಕೆ ಸಂಶೋಧಕರು ಕಂಡುಕೊಂಡ ಪರಿಹಾರವೂ ನೇರವಾದದ್ದೇ: ಮರುಪ್ರಶ್ನೆಯನ್ನು ಅಲ್ಲಿಗೇ ನಿಲ್ಲಿಸಿ ಅಂಕ ಹಾಕದೆ, ಬೇರೆ ಬೇರೆ ಉತ್ತರಗಳು ಬಂದರೆ ಸಂಭಾಷಣೆ ಎಲ್ಲಿಗೆ ಮುಟ್ಟುತ್ತದೆಂದು ಮುಂದಿನ ಸುತ್ತನ್ನೂ ಆಡಿಸಿ ನೋಡಿ, ಅಲ್ಲಿಯ ಫಲಕ್ಕೆ ಅಂಕ ಹಾಕುವುದು.

ಯಂತ್ರವೊಂದು ಈ ತೂಕವನ್ನು ಸರಿಯಾಗಿ ಹಿಡಿದಿದೆಯೆ ಎಂದು ತಿಳಿಯಲು ಎರಡು ಗುರುತುಗಳಿವೆ. ಬಳಕೆದಾರರ ಎರಡನೆಯ ಮಾತು ‘ಅಲ್ಲ, ನಾನು ಕೇಳಿದ್ದು…’ ಎಂದು ಮತ್ತೆ ಮತ್ತೆ ಆರಂಭವಾಗುತ್ತಿದ್ದರೆ, ಕೇಳಬೇಕಾದಲ್ಲಿ ಯಂತ್ರ ಕೇಳಿಲ್ಲ. ಮರುಪ್ರಶ್ನೆಗೆ ‘ಯಾವುದಾದರೂ ಆಗಬಹುದು’ ಎಂಬ ಉತ್ತರ ಬರುತ್ತಿದ್ದರೆ ಅಥವಾ ಉತ್ತರವೇ ಬಾರದೆ ಜನ ಎದ್ದುಹೋಗುತ್ತಿದ್ದರೆ, ಬೇಡದಲ್ಲಿ ಕೇಳಿದೆ. ಮೊದಲನೆಯ ಗುರುತಿಗೂ ಒಂದು ಮಿತಿಯುಂಟೆಂಬುದನ್ನು ಮರೆಯಲಾಗದು: ತಪ್ಪು ಊಹೆಯೆಂದು ಅರಿತವರು ಮಾತ್ರ ತಿರುಗಿ ಬಂದು ಆಕ್ಷೇಪಿಸುತ್ತಾರೆ. ಶೀಶೆಯ ಅಂಕವನ್ನು ನೋಡದೆ 7.5 ಮಿಲಿಲೀಟರ್ ಕುಡಿಸಿದ ತಾಯಿ ಉತ್ತರ ಚೆನ್ನಾಗಿತ್ತೆಂದೇ ಭಾವಿಸುತ್ತಾಳೆ. ಲೆಕ್ಕದ ಪುಸ್ತಕದಲ್ಲಿ ಆಕೆಯು ತೃಪ್ತ ಬಳಕೆದಾರಳು. ಆದ್ದರಿಂದ ಹಾನಿ ದೊಡ್ಡದಾಗಿರುವ ವಿಷಯಗಳಲ್ಲಿ ಜನರ ತೃಪ್ತಿಯನ್ನು ಅಳೆದು ಯಂತ್ರವನ್ನು ತಿದ್ದಲಾಗದು. ವಿಷಯ ಬಲ್ಲವರು ಕುಳಿತು ಸಂಭಾಷಣೆಗಳನ್ನು ಒಂದೊಂದಾಗಿ ಓದಿಯೇ ತಿದ್ದಬೇಕು.

ಓದುಗರಿಗೆ ಕೊನೆಯದಾಗಿ ಒಂದು ವಿಜ್ಞಾಪನೆ. ಚಾಟ್‌ಬಾಟ್ ಕೊಟ್ಟ ಉತ್ತರವನ್ನು ಕಾರ್ಯರೂಪಕ್ಕೆ ತರುವ ಮುನ್ನ, ನೀವು ಹೇಳದೇ ಇದ್ದ ಯಾವ ಸಂಗತಿಯನ್ನು ಅದು ತನ್ನಷ್ಟಕ್ಕೆ ತುಂಬಿಕೊಂಡಿದೆಯೆಂದು ಒಮ್ಮೆ ಹುಡುಕಿ ನೋಡಿ. ಸಾಲದ ಕಂತಿನಲ್ಲಾದರೆ ಅದನ್ನು ಆಮೇಲೆ ತಿದ್ದಿಕೊಳ್ಳಬಹುದು. ಮಗುವಿನ ಮದ್ದಿನಲ್ಲಿ ಮಾತ್ರ, ಶೀಶೆಯ ಚೀಟಿಯ ಮೇಲೆ ಏನು ಬರೆದಿದೆಯೆಂದು ಕೇಳದೆಯೇ ಮಿಲಿಲೀಟರಿನ ಅಂಕವನ್ನು ಹೇಳಿದ ಉತ್ತರವನ್ನು, ಅದು ಎಷ್ಟೇ ವಿನಯದಿಂದ ಬರೆದದ್ದಾದರೂ, ಪಾಲಿಸಬೇಡಿ. ವೈದ್ಯರನ್ನೋ ಔಷಧದಂಗಡಿಯವರನ್ನೋ ಕೇಳಿ.